ಗರ್ಭಿಣಿಯರಲ್ಲಿ ನಂಜು: ಕೊನೆಯ ತಿಂಗಳುಗಳ ರಕ್ತ ಹಾಗೂ ಮೂತ್ರ ಪರೀಕ್ಷಾ ವರದಿಗಳನ್ನು ಒಟ್ಟಾಗಿ ಓದುವ ಬಗೆ

ಗರ್ಭಾವಸ್ಥೆಯ 20 ವಾರಗಳು ತುಂಬಿದ ನಂತರ ಹೊಸದಾಗಿ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಕನಿಷ್ಠ 4 ಗಂಟೆಗಳ ಅಂತರದಲ್ಲಿ ಎರಡು ಬಾರಿ ಕಂಡುಬಂದು, ಅದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅಥವಾ ದೇಹದ ಯಾವುದಾದರೂ ಅಂಗಕ್ಕೆ ತೊಂದರೆಯಾಗಿದ್ದರೆ, ಆ ಸ್ಥಿತಿಯನ್ನು ಪ್ರೀ-ಎಕ್ಲಾಂಪ್ಸಿಯಾ ಎನ್ನಲಾಗುತ್ತದೆ. ಆಡುಮಾತಿನಲ್ಲಿ ಇದನ್ನು ಬಸುರಿನ ನಂಜು ಎನ್ನುವುದುಂಟು. ಇದು ಉಲ್ಬಣಗೊಂಡಲ್ಲಿ ತಾಯಿಗೆ ಫಿಟ್ಸ್ ಬರುವುದು, ಮಿದುಳಿನಲ್ಲಿ ಅಥವಾ ಯಕೃತ್ತಿನಲ್ಲಿ ರಕ್ತಸ್ರಾವವಾಗುವುದು ಹಾಗೂ ಮಗು ಗರ್ಭದಲ್ಲಿಯೇ ಮೃತಪಡುವುದು ಸಂಭವಿಸಬಹುದು.

ಈ ಕಾಯಿಲೆಯನ್ನು ಯಾವುದೇ ಒಂದು ಪರೀಕ್ಷೆಯಿಂದ ಅಳೆಯಲು ಸಾಧ್ಯವಿರುವುದಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿ ಭಾಗದ ಗರ್ಭಿಣಿಯರು ಪಾಲಿಕೆಯ ಹೆರಿಗೆ ಆಸ್ಪತ್ರೆಯಲ್ಲಿ ತಪಾಸಣೆಗೆ ತೋರಿಸಿ, ಕೆಲವು ರಕ್ತ ಪರೀಕ್ಷೆಗಳನ್ನು ಮನೆಯ ಸಮೀಪದ ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸುವುದುಂಟು. ಹೀಗಾದಾಗ ವರದಿಗಳು ಬೇರೆ ಬೇರೆ ದಿನ, ಬೇರೆ ಬೇರೆ ಹಾಳೆಗಳಲ್ಲಿ ಕೈಸೇರುತ್ತವೆ. ಪ್ರತಿ ಹಾಳೆಯಲ್ಲಿಯೂ ಅಂಕಿಯು ಮಿತಿಯ ಆಸುಪಾಸಿನಲ್ಲಿಯೇ ಇದ್ದು, ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಅಪಾಯವು ಕಾಣುವ ಸಂದರ್ಭಗಳಿವೆ. ಆದ್ದರಿಂದ ಪ್ಲೇಟ್‌ಲೆಟ್, ಯಕೃತ್ತಿನ ಕಿಣ್ವ, ಯೂರಿಕ್ ಆಮ್ಲ ಮತ್ತು ಮೂತ್ರದ ಪ್ರೋಟೀನ್, ಈ ನಾಲ್ಕನ್ನೂ ಒಟ್ಟಾಗಿ ಓದುವ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ನಾಲ್ಕು ಪರೀಕ್ಷೆಗಳು ಸೂಚಿಸುವುದೇನು?

ಈ ಕಾಯಿಲೆಯ ಮೂಲವು ಮಾಸುವಿನಲ್ಲಿದೆ. ಮಾಸುವಿಗೆ ರಕ್ತದ ಪೂರೈಕೆಯು ಸರಿಯಾಗಿ ಏರ್ಪಡದಿದ್ದಲ್ಲಿ ಅದರಿಂದ ಹೊರಬರುವ ಕೆಲವು ವಸ್ತುಗಳು ತಾಯಿಯ ರಕ್ತನಾಳಗಳ ಒಳಪದರಕ್ಕೆ ಹಾನಿ ಮಾಡುತ್ತವೆ. ರಕ್ತನಾಳಗಳು ದೇಹದ ಎಲ್ಲೆಡೆ ಇರುವುದರಿಂದ ಹಾನಿಯೂ ಹಲವು ಅಂಗಗಳಲ್ಲಿ ಆಗುತ್ತದೆ. ನಾಲ್ಕು ಪರೀಕ್ಷೆಗಳು ಒಂದೇ ಹಾನಿಯನ್ನು ನಾಲ್ಕು ಕಡೆಗಳಿಂದ ತೋರಿಸುತ್ತವೆ.

ಮೂತ್ರದ ಪ್ರೋಟೀನ್: ಮೂತ್ರಪಿಂಡದ ಸೋಸುವ ಪದರಕ್ಕೆ ಹಾನಿಯಾದಾಗ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಪಟ್ಟಿಯನ್ನು ಅದ್ದಿ ನೋಡುವ ಪರೀಕ್ಷೆಯು ಮೊದಲ ಸೂಚನೆಯನ್ನಷ್ಟೇ ನೀಡುತ್ತದೆ. ಹೆಚ್ಚು ನೀರು ಕುಡಿದು ಮೂತ್ರವು ತೆಳುವಾಗಿದ್ದಲ್ಲಿ ಪ್ರೋಟೀನ್ ಕಾಣದೇ ಹೋಗಬಹುದು. ಬಿಳಿಸೆರಗು ಬೆರೆತಲ್ಲಿ ಅಥವಾ ಮೂತ್ರದ ಸೋಂಕು ಇದ್ದಲ್ಲಿ ಇಲ್ಲದ ಪ್ರೋಟೀನ್ ಕಾಣಬಹುದು. ಆದ್ದರಿಂದ ಪಟ್ಟಿಯಲ್ಲಿ ಒಂದು ಪ್ಲಸ್ ಅಥವಾ ಹೆಚ್ಚು ಬಂದಾಗ ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತವನ್ನು ಪರೀಕ್ಷಿಸಲಾಗುತ್ತದೆ. ಅನುಪಾತವು 0.3 ಅಥವಾ ಹೆಚ್ಚಿದ್ದರೆ, ಇಲ್ಲವೇ 24 ಗಂಟೆಗಳ ಮೂತ್ರದಲ್ಲಿ 300 ಮಿಲಿಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಇದ್ದರೆ ಅದು ದೃಢಪಟ್ಟಂತೆ. ಆದರೆ ಪ್ರೋಟೀನ್ ಹೆಚ್ಚಿದಷ್ಟೂ ಕಾಯಿಲೆ ತೀವ್ರ, ಕಡಿಮೆಯಿದ್ದಷ್ಟೂ ಸೌಮ್ಯ ಎಂದು ಭಾವಿಸತಕ್ಕದ್ದಲ್ಲ. ಪ್ರೋಟೀನ್ ಇಲ್ಲದೆಯೂ ಕಾಯಿಲೆಯು ತೀವ್ರವಾಗಿರಬಹುದು.

ಯೂರಿಕ್ ಆಮ್ಲ: ನಂಜಿನಲ್ಲಿ ಮೂತ್ರಪಿಂಡವು ಯೂರಿಕ್ ಆಮ್ಲವನ್ನು ಹೊರಹಾಕುವುದು ಕಡಿಮೆಯಾಗಿ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ವರದಿಯಲ್ಲಿ ಮುದ್ರಿತವಾಗಿರುವ ಮಿತಿಯು ಸಾಮಾನ್ಯವಾಗಿ ಗರ್ಭಿಣಿಯಲ್ಲದ ಮಹಿಳೆಯದಾಗಿರುತ್ತದೆ. ಆ ಮಿತಿ ಸುಮಾರು 6 ಮಿಲಿಗ್ರಾಂ. ಗರ್ಭಿಣಿಯಲ್ಲಿ ಈ ಮಟ್ಟವು ಮೊದಲ ತಿಂಗಳುಗಳಲ್ಲಿ ಇಳಿದು, ಕೊನೆಯ ತಿಂಗಳುಗಳಲ್ಲಿ ಸ್ವಲ್ಪ ಏರುತ್ತದೆ. ಹೀಗಾಗಿ 5.8 ಎಂಬ ಅಂಕಿಯು ಹಾಳೆಯಲ್ಲಿ ಸಹಜವೆಂದು ಕಂಡರೂ, ಆಕೆಯ ಹಿಂದಿನ ವರದಿಯಲ್ಲಿ 3.5 ಇದ್ದಿದ್ದರೆ ಅದು ಗಮನಾರ್ಹ ಏರಿಕೆಯಾಗಿರುತ್ತದೆ. ಆದಾಗ್ಯೂ ಯೂರಿಕ್ ಆಮ್ಲವೊಂದರಿಂದಲೇ ಕಾಯಿಲೆಯನ್ನು ನಿರ್ಧರಿಸಲಾಗದು. ವಾಂತಿಭೇದಿಯಿಂದ ದೇಹದ ನೀರಿನಂಶ ಕುಂದಿದಾಗಲೂ ಅದು ಏರುತ್ತದೆ. ಅದು ಇತರ ವರದಿಗಳಿಗೆ ಬೆಂಬಲ ನೀಡುವ ಪರೀಕ್ಷೆಯಷ್ಟೇ.

ಪ್ಲೇಟ್‌ಲೆಟ್: ಹಾನಿಗೊಂಡ ರಕ್ತನಾಳಗಳಲ್ಲಿ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಖರ್ಚಾಗುವುದರಿಂದ ಅವುಗಳ ಸಂಖ್ಯೆ ಇಳಿಯುತ್ತದೆ. ಒಂದೂವರೆ ಲಕ್ಷಕ್ಕಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕು. ನಂಜಿನಲ್ಲಿ ಒಂದು ಲಕ್ಷಕ್ಕಿಂತ ಕಡಿಮೆಯಾದರೆ ಅದು ತೀವ್ರತೆಯ ಲಕ್ಷಣವಾಗಿರುತ್ತದೆ. ಆದರೆ ಆರೋಗ್ಯವಂತ ಗರ್ಭಿಣಿಯರಲ್ಲಿ ಕೆಲವರಿಗೆ ಕೊನೆಯ ತಿಂಗಳುಗಳಲ್ಲಿ ಸಂಖ್ಯೆಯು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಅಂತಹವರಲ್ಲಿ ರಕ್ತದೊತ್ತಡ, ಮೂತ್ರ ಮತ್ತು ಕಿಣ್ವಗಳು ಸಹಜವಾಗಿರುತ್ತವೆ. ಕೆಲವೊಮ್ಮೆ ರಕ್ತವನ್ನು ಸಂಗ್ರಹಿಸಿದ ಕೊಳವೆಯಲ್ಲಿಯೇ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ, ಯಂತ್ರವು ಕಡಿಮೆ ಎಣಿಕೆಯನ್ನು ತೋರಿಸುವುದೂ ಉಂಟು. ಅನುಮಾನವಿದ್ದಲ್ಲಿ ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಲಾಗುತ್ತದೆ.

ಯಕೃತ್ತಿನ ಕಿಣ್ವ: ಯಕೃತ್ತಿನ ಜೀವಕೋಶಗಳಿಗೆ ರಕ್ತ ಸಾಲದೆ ಹಾನಿಯಾದಾಗ ಎಸ್.ಜಿ.ಓ.ಟಿ. ಮತ್ತು ಎಸ್.ಜಿ.ಪಿ.ಟಿ. ಎಂಬ ಕಿಣ್ವಗಳು ರಕ್ತಕ್ಕೆ ಬರುತ್ತವೆ. ಇವುಗಳ ಮಿತಿ ಸುಮಾರು 40 ಯೂನಿಟ್. ಮಿತಿಯ ಎರಡು ಪಟ್ಟಿಗಿಂತ ಹೆಚ್ಚಾದರೆ ತೀವ್ರತೆಯ ಲಕ್ಷಣ. ಇದೇ ಹಾಳೆಯಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಅಂಶವು ಮಾಸುವಿನಿಂದಲೂ ಉತ್ಪತ್ತಿಯಾಗುವುದರಿಂದ ಕೊನೆಯ ತಿಂಗಳುಗಳಲ್ಲಿ ಸಹಜವಾಗಿಯೇ ಏರಿರುತ್ತದೆ. ಅದರಿಂದ ಗಾಬರಿಯಾಗುವ ಅವಶ್ಯಕತೆಯಿಲ್ಲ.

ಉದಾಹರಣೆ

ಮೇಲ್ಕಂಡ ಅಂಶಗಳು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಕೆಂಗೇರಿಯಲ್ಲಿ ವಾಸಿಸುವ, ಚೊಚ್ಚಲ ಗರ್ಭಿಣಿಯಾದ ಮಹಿಳೆಯೊಬ್ಬರಿಗೆ 28ನೇ ವಾರದಲ್ಲಿ ರಕ್ತದೊತ್ತಡ 112/70, ಪ್ಲೇಟ್‌ಲೆಟ್ 2.30 ಲಕ್ಷ, ಯೂರಿಕ್ ಆಮ್ಲ 3.4 ಇತ್ತೆಂದು ಭಾವಿಸೋಣ. 33ನೇ ವಾರದಲ್ಲಿ ರಕ್ತದೊತ್ತಡ 142/92 ಬಂದು, 4 ಗಂಟೆಗಳ ನಂತರವೂ ಹಾಗೆಯೇ ಇತ್ತು. ಮೂತ್ರದಲ್ಲಿ ಪ್ರೋಟೀನ್ ಒಂದು ಪ್ಲಸ್, ಅನುಪಾತ 0.5. ಪ್ಲೇಟ್‌ಲೆಟ್ 2.10 ಲಕ್ಷ, ಎರಡೂ ಕಿಣ್ವಗಳು 25ರ ಆಸುಪಾಸು, ಯೂರಿಕ್ ಆಮ್ಲ 4.6. ಇದು ಪ್ರೀ-ಎಕ್ಲಾಂಪ್ಸಿಯಾ ಹೌದು. ಆದರೆ ತೀವ್ರತೆಯ ಲಕ್ಷಣಗಳಿಲ್ಲ. ವಾರಕ್ಕೆ ಎರಡು ಬಾರಿ ರಕ್ತದೊತ್ತಡ ಹಾಗೂ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವಂತೆ ವೈದ್ಯರು ಸೂಚಿಸಿದರು.

35ನೇ ವಾರದಲ್ಲಿ ಆಕೆಗೆ ರಾತ್ರಿ ಎದೆಗುಂಡಿಗೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಾಣಿಸಿತು. ಮನೆಯವರು ಗ್ಯಾಸ್ಟ್ರಿಕ್ ಎಂದು ತಿಳಿದು ಮಾತ್ರೆ ನೀಡಿದರು. ಮರುದಿನದ ವರದಿಯಲ್ಲಿ ರಕ್ತದೊತ್ತಡ 148/96, ಪ್ಲೇಟ್‌ಲೆಟ್ 1.32 ಲಕ್ಷ, ಎಸ್.ಜಿ.ಓ.ಟಿ. 68, ಎಸ್.ಜಿ.ಪಿ.ಟಿ. 74, ಯೂರಿಕ್ ಆಮ್ಲ 6.1, ಮೂತ್ರದ ಪ್ರೋಟೀನ್ ಹಿಂದಿನಂತೆಯೇ ಒಂದು ಪ್ಲಸ್.

ಈ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದರೆ ಯಾವುದೂ ಅತಿಯಾಗಿ ಕಾಣುವುದಿಲ್ಲ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಮೇಲಿದೆ, ಕಿಣ್ವಗಳು ಎರಡು ಪಟ್ಟನ್ನು ಮುಟ್ಟಿಲ್ಲ, ಯೂರಿಕ್ ಆಮ್ಲ ಮಿತಿಯನ್ನು ಆಗಷ್ಟೇ ದಾಟಿದೆ, ಪ್ರೋಟೀನ್ ಹೆಚ್ಚಿಲ್ಲ. ಒಟ್ಟಾಗಿ ಓದಿದಾಗ ಚಿತ್ರಣವೇ ಬೇರೆ. ಎರಡು ವಾರಗಳಲ್ಲಿ ಪ್ಲೇಟ್‌ಲೆಟ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದೆ, ಕಿಣ್ವಗಳು ಸುಮಾರು ಮೂರು ಪಟ್ಟಾಗಿವೆ, ಯೂರಿಕ್ ಆಮ್ಲ ಏರುತ್ತಲೇ ಇದೆ, ನೋವು ಯಕೃತ್ತಿನ ಸಮೀಪದಲ್ಲಿದೆ. ಎಲ್ಲವೂ ಒಂದೇ ದಿಕ್ಕಿನಲ್ಲಿ ಸಾಗಿರುವುದರಿಂದ ಮುಂದಿನ ವಾರದ ತಪಾಸಣೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ದಾಖಲಿಸುವುದು ಅವಶ್ಯಕ.

ದಾಖಲಾದ ನಂತರ ಕೆಲವೇ ಗಂಟೆಗಳಲ್ಲಿ ಪರೀಕ್ಷೆಗಳನ್ನು ಪುನಃ ಮಾಡಲಾಗುತ್ತದೆ. ಈ ಉದಾಹರಣೆಯಲ್ಲಿ ಪ್ಲೇಟ್‌ಲೆಟ್ 94 ಸಾವಿರಕ್ಕೆ ಇಳಿದು, ಎಸ್.ಜಿ.ಓ.ಟಿ. 130ಕ್ಕೆ ಏರಿ, ಕೆಂಪು ರಕ್ತಕಣಗಳು ಒಡೆಯುತ್ತಿರುವುದನ್ನು ಸೂಚಿಸುವ ಎಲ್.ಡಿ.ಎಚ್. 720 ಬಂದಿತು. ಈ ಮೂರೂ ಕೂಡಿದ ಸ್ಥಿತಿಗೆ 1982ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ವೈನ್‌ಸ್ಟೈನ್ ಅವರು ಹೆಲ್ಪ್ ಸಿಂಡ್ರೋಮ್ ಎಂದು ಹೆಸರಿಟ್ಟರು. 34 ವಾರಗಳು ತುಂಬಿದ್ದರೆ ಇದಕ್ಕೆ ಹೆರಿಗೆ ಮಾಡಿಸುವುದೇ ಚಿಕಿತ್ಸೆ. ಫಿಟ್ಸ್ ಬಾರದಂತೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದನ್ನು ನೀಡಲಾಗುತ್ತದೆ. ಹೆರಿಗೆಯ ನಂತರವೂ ಒಂದೆರಡು ದಿನ ಪ್ಲೇಟ್‌ಲೆಟ್ ಇನ್ನಷ್ಟು ಇಳಿದು ನಂತರ ಏರುವುದರಿಂದ, ಪರೀಕ್ಷೆಗಳನ್ನು ಮುಂದುವರಿಸಲಾಗುತ್ತದೆ. ತಾಯಿಯನ್ನು ಅವಸರದಿಂದ ಮನೆಗೆ ಕರೆದೊಯ್ಯಬಾರದು.

ಡೆಂಗ್ಯೂ ಜ್ವರದೊಂದಿಗೆ ಗೊಂದಲ

ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಡೆಂಗ್ಯೂ ಹೆಚ್ಚುತ್ತದೆ. ಡೆಂಗ್ಯೂವಿನಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ, ಯಕೃತ್ತಿನ ಕಿಣ್ವಗಳು ಏರುತ್ತವೆ, ಹೊಟ್ಟೆನೋವೂ ಬರಬಹುದು. ಎರಡನ್ನೂ ಬೇರ್ಪಡಿಸಲು ಜ್ವರ, ರಕ್ತದೊತ್ತಡ ಮತ್ತು ಮೂತ್ರ ನೆರವಾಗುತ್ತವೆ. ಡೆಂಗ್ಯೂವಿನಲ್ಲಿ ಮೊದಲು ಜ್ವರ ಬಂದಿರುತ್ತದೆ ಮತ್ತು ರಕ್ತದೊತ್ತಡವು ಏರುವುದಿಲ್ಲ, ಕುಸಿಯಬಹುದು. ನಂಜಿನಲ್ಲಿ ಸಾಮಾನ್ಯವಾಗಿ ಜ್ವರವಿರುವುದಿಲ್ಲ, ರಕ್ತದೊತ್ತಡ ಏರಿರುತ್ತದೆ. ಒಬ್ಬರಲ್ಲಿಯೇ ಎರಡೂ ಇರಬಹುದಾದ್ದರಿಂದ, ಪ್ಲೇಟ್‌ಲೆಟ್ ಇಳಿದಿರುವ ಗರ್ಭಿಣಿಗೆ ಡೆಂಗ್ಯೂ ಪರೀಕ್ಷೆಯೊಂದನ್ನೇ ಮಾಡಿಸಿ ಸುಮ್ಮನಾಗದೆ ರಕ್ತದೊತ್ತಡವನ್ನೂ ಮೂತ್ರವನ್ನೂ ತಪ್ಪದೆ ಪರೀಕ್ಷಿಸಬೇಕು.

ವರದಿಗಳನ್ನು ಇಟ್ಟುಕೊಳ್ಳುವ ಕ್ರಮ

ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಉತ್ತಮ. ಪ್ರಯೋಗಾಲಯ ಬದಲಾದಲ್ಲಿ ಅಂಕಿಯನ್ನು ಬರೆಯುವ ಕ್ರಮವೂ ಬದಲಾಗಬಹುದು. ಒಂದು ಹಾಳೆಯಲ್ಲಿ 1.32 ಎಂದೂ, ಇನ್ನೊಂದರಲ್ಲಿ 132 ಎಂದೂ, ಮತ್ತೊಂದರಲ್ಲಿ 1,32,000 ಎಂದೂ ಇರುವ ಪ್ಲೇಟ್‌ಲೆಟ್ ಸಂಖ್ಯೆಯು ಒಂದೇ ಆಗಿರುತ್ತದೆ. ಎಲ್ಲಾ ವರದಿಗಳನ್ನು ದಿನಾಂಕದ ಕ್ರಮದಲ್ಲಿ ತಾಯಿ ಕಾರ್ಡಿನೊಂದಿಗೆ ಇರಿಸಿ, ಪ್ರತಿ ತಪಾಸಣೆಗೂ ಹಳೆಯ ಹಾಳೆಗಳನ್ನು ಸಹ ಕೊಂಡೊಯ್ಯತಕ್ಕದ್ದು. ಹೊಸ ಹಾಳೆಯನ್ನಷ್ಟೇ ನೋಡಿದ ವೈದ್ಯರಿಗೆ ಏರಿಳಿತವು ತಿಳಿಯುವುದಿಲ್ಲ.

ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚಿನಂತೆ ಕಾಣುವುದು, ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಬಲಪಕ್ಕೆಯ ಕೆಳಗೆ ನೋವು, ಉಸಿರಾಟದ ತೊಂದರೆ, ಮಗುವಿನ ಚಲನೆ ಕಡಿಮೆಯಾಗುವುದು, ಅಥವಾ ರಕ್ತದೊತ್ತಡ 160/110 ಅಥವಾ ಹೆಚ್ಚಾಗುವುದು ಕಂಡುಬಂದಲ್ಲಿ ಹಿಂದಿನ ವರದಿಗಳು ಸಹಜವಾಗಿದ್ದರೂ ಕಾಯಬಾರದು. ಹೆರಿಗೆಯಾದ ಮೊದಲ ವಾರಗಳಲ್ಲಿ ತಲೆನೋವು, ಕಣ್ಣು ಮಂಜಾಗುವಿಕೆ ಮೊದಲಾದವು ಕಂಡರೂ ಇದೇ ಕ್ರಮ. ಕೂಡಲೇ 108ಕ್ಕೆ ಕರೆ ಮಾಡಿ ತುರ್ತು ಹೆರಿಗೆ ಚಿಕಿತ್ಸೆ ಹಾಗೂ ರಕ್ತನಿಧಿ ಸೌಲಭ್ಯವಿರುವ ಆಸ್ಪತ್ರೆಗೆ ತೆರಳಬೇಕು. ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟ ಕುಟುಂಬದವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯೂ, ಎಲ್ಲರಿಗೂ ವಾಣಿವಿಲಾಸ ಆಸ್ಪತ್ರೆಯೂ ಲಭ್ಯವಿರುತ್ತವೆ. ಕೆಂಗೇರಿಯಿಂದ ವಾಣಿವಿಲಾಸ ಆಸ್ಪತ್ರೆಗೆ ಮೈಸೂರು ರಸ್ತೆಯ ದಟ್ಟಣೆಯಲ್ಲಿ ಸಾಕಷ್ಟು ಸಮಯ ಹಿಡಿಯುವುದರಿಂದ, ವರದಿಯು ಸಂಜೆ ಕೈಸೇರಿದಲ್ಲಿ ಅದನ್ನು ಬೆಳಗಿನವರೆಗೆ ಇಟ್ಟುಕೊಳ್ಳದೆ ಅಂದೇ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸತಕ್ಕದ್ದು.