ಬೇರು ಹಿಡಿಯುವ ದಿನಕ್ಕಾಗಿ ಕಾಯುತ್ತಾ

“ಡಾಕ್ಟ್ರೇ, ಆಪರೇಷನ್ ಯಾವತ್ತು?”

ಸ್ಟೆಮ್ ಸೆಲ್ ಕಸಿಯ ಮಾತು ಬಂದಾಗ ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಆದರೆ ಇಲ್ಲಿ ರೋಗಿಗೆ ಆಪರೇಷನ್ ಇರುವುದಿಲ್ಲ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ರಕ್ತ ಏರಿಸಿದಂತೆಯೇ ಒಂದು ಚೀಲದ ದ್ರವ ಮೈಗೆ ಹರಿಯುತ್ತದೆ, ಅಷ್ಟೆ. ಕಷ್ಟವೆಲ್ಲ ಇರುವುದು ಅದಕ್ಕಿಂತ ಮೊದಲು ಮತ್ತು ಅದರ ನಂತರ.

ಅದು ಅರ್ಥವಾಗಲು ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮೂವತ್ತನಾಲ್ಕು ವರ್ಷದ, ಅರವತ್ತು ಕೆ.ಜಿ. ತೂಕದ ಒಬ್ಬ ಯುವಕ. ಎಎಮ್ಎಲ್ ಎಂಬ ರಕ್ತ ಕ್ಯಾನ್ಸರ್. ಕೀಮೋದಿಂದ ಕಾಯಿಲೆ ಹತೋಟಿಗೆ ಬಂದಿದೆ, ಆದರೆ ಮತ್ತೆ ಮರಳುವ ಭಯ ಹೆಚ್ಚಿರುವ ಬಗೆ ಅದು. ಮನೆಯಲ್ಲಿ ಅಮ್ಮ, ಒಬ್ಬ ಅಕ್ಕ, ಒಬ್ಬ ತಮ್ಮ.

“ನಾನು ಹೆತ್ತವಳು, ನಂದೇ ತಗೊಳ್ಳಿ” ಎನ್ನುತ್ತಾರೆ ಅಮ್ಮ. ಹೊಂದಾಣಿಕೆಯ ಲೆಕ್ಕ ಮಾತ್ರ ಬೇರೆ. ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ. “ಇದು ನಮ್ಮದು, ಇದು ಪರರದು” ಎಂದು ರೋಗನಿರೋಧಕ ಕೋಶಗಳು ತೀರ್ಮಾನಿಸುವುದು ಅವನ್ನು ನೋಡಿಯೇ. ಈ ಗುರುತುಗಳ ಒಂದು ಕಟ್ಟು ಅಪ್ಪನಿಂದ, ಒಂದು ಕಟ್ಟು ಅಮ್ಮನಿಂದ ಬರುತ್ತದೆ. ಹಾಗಾಗಿ ಅಮ್ಮನಿಗೂ ಮಗನಿಗೂ ಹೊಂದುವುದು ಸಾಮಾನ್ಯವಾಗಿ ಅರ್ಧವೇ. ಒಡಹುಟ್ಟಿದವರಿಗೆ ಅಪ್ಪನಿಂದಲೂ ಅಮ್ಮನಿಂದಲೂ ಅದೇ ಕಟ್ಟುಗಳು ಬಂದಿದ್ದರೆ ಪೂರ್ತಿ ಹೊಂದುತ್ತದೆ. ಆ ಸಾಧ್ಯತೆ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು. ಇಬ್ಬರು ಒಡಹುಟ್ಟಿದವರಿದ್ದರೂ ಒಬ್ಬರಾದರೂ ಹೊಂದುವ ಅವಕಾಶ ಅರ್ಧಕ್ಕಿಂತ ಕಡಿಮೆ.

ಈ ಮನೆಯಲ್ಲಿ ತಮ್ಮನದು ಅರ್ಧ ಹೊಂದಿತು, ಅಕ್ಕನದು ಹತ್ತಕ್ಕೆ ಹತ್ತು. ಆಕೆಯ ರಕ್ತದ ಗುಂಪು ಓ, ಇವನದು ಬಿ. ಮನೆಯವರು ಗಾಬರಿಯಾಗುವುದು ಇಲ್ಲೇ. ಆದರೆ ಕಸಿಗೆ ರಕ್ತದ ಗುಂಪು ಒಂದೇ ಆಗಿರಬೇಕಿಲ್ಲ. ಕೆಲವು ತಿಂಗಳಲ್ಲಿ ಇವನ ಗುಂಪೇ ಅಕ್ಕನ ಗುಂಪಾಗಿ ಬದಲಾಗುತ್ತದೆ. ಒಡಹುಟ್ಟಿದವರಲ್ಲಿ ಯಾರೂ ಹೊಂದದಿದ್ದರೆ ದಾತ್ರಿ, ಡಿಕೆಎಮ್ಎಸ್‌ನಂಥ ದಾನಿ ನೋಂದಣಿ ಸಂಸ್ಥೆಗಳಲ್ಲಿ ಹುಡುಕಬೇಕು. ಅಲ್ಲೂ ಸಿಗದಿದ್ದರೆ ಅರ್ಧ ಹೊಂದುವವರಿಂದಲೇ ಪಡೆಯುವ ವಿಧಾನವೂ ಇಂದು ಬಳಕೆಯಲ್ಲಿದೆ. ಅಂದರೆ ಅಮ್ಮನ ಮಾತು ವ್ಯರ್ಥವಲ್ಲ, ಅದು ಎರಡನೆಯ ದಾರಿ.

ಅಕ್ಕನ ಪಾಲಿನ ಕೆಲಸ ಐದಾರು ದಿನದ್ದು. ಸ್ಟೆಮ್ ಸೆಲ್‌ಗಳು ಸಾಮಾನ್ಯವಾಗಿ ಮೂಳೆಯೊಳಗಿನ ಮಜ್ಜೆಯಲ್ಲಿರುತ್ತವೆ. ಅವನ್ನು ರಕ್ತಕ್ಕೆ ಇಳಿಸಲು ಆಕೆಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಡುತ್ತಾರೆ. ಆ ದಿನಗಳಲ್ಲಿ ಸೊಂಟ, ಬೆನ್ನಿನ ಮೂಳೆಗಳು ನೋಯುವುದು ಸಹಜ. ಕೊನೆಗೆ ಒಂದು ನಾಳದಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ. ಯಂತ್ರ ಬೇಕಾದ ಕೋಶಗಳನ್ನು ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ಹಿಂದಿರುಗಿಸುತ್ತದೆ. ಕೆಲವು ಗಂಟೆಗಳ ಕೆಲಸ. ಕೋಶಗಳ ಲೆಕ್ಕ ಮಾತ್ರ ರೋಗಿಯ ತೂಕದ ಮೇಲೆ: ಕೆ.ಜಿ.ಗೆ 40 ಲಕ್ಷ ಎಂದು ಗುರಿ ಇಟ್ಟರೆ 60 ಕೆ.ಜಿ.ಗೆ 24 ಕೋಟಿ. ಮೊದಲ ದಿನ ಅಷ್ಟು ಸಿಗದಿದ್ದರೆ ಮರುದಿನ ಇನ್ನೊಮ್ಮೆ ಕೂರಬೇಕಾಗಬಹುದು. ಅಕ್ಕನ ಮಜ್ಜೆ ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ.

ಅತ್ತ ಆಸ್ಪತ್ರೆಯಲ್ಲಿ ತಮ್ಮನ ದಿನಗಳನ್ನು ಹಿಂದುಮುಂದಾಗಿ ಎಣಿಸುತ್ತಾರೆ. ಮೈನಸ್ ಏಳು, ಮೈನಸ್ ಆರು, ಹೀಗೆ. ಆ ವಾರ ಕಡುವಾದ ಕೀಮೋ ನಡೆಯುತ್ತದೆ. ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು, ಅಕ್ಕನ ಕೋಶಗಳನ್ನು ಇವನ ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಅಡಗಿಸುವುದು, ಇವೆರಡೂ ಅದರ ಕೆಲಸ. ಇಲ್ಲಿಂದ ಮುಂದೆ ಹಿಂದಿರುಗುವ ದಾರಿಯಿಲ್ಲ, ಇವನ ಸ್ವಂತ ಮಜ್ಜೆ ಬರಿದಾಗಿರುತ್ತದೆ. ಅದಕ್ಕೇ ದಾನಿ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯುವಂತಿಲ್ಲ. ಅನುಮಾನವಿದ್ದರೆ ಅಕ್ಕ ಅದನ್ನು ಕೀಮೋ ಶುರುವಾಗುವ ಮೊದಲೇ ಹೇಳಬೇಕು, ಹಾಗೆ ಹೇಳುವ ಹಕ್ಕು ಆಕೆಗಿದೆ.

ದಿನ ಸೊನ್ನೆ. ಕೆಂಪು ದ್ರವದ ಚೀಲ ಬರುತ್ತದೆ, ಎದೆಯ ಬಳಿ ಹಾಕಿರುವ ಕೊಳವೆಯ ಮೂಲಕ ಹನಿಹನಿಯಾಗಿ ಇಳಿಯುತ್ತದೆ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. “ಇಷ್ಟೇನಾ?” ಎನ್ನುತ್ತಾರೆ ಮನೆಯವರು. ರಕ್ತದಲ್ಲಿ ಸುತ್ತುವ ಸ್ಟೆಮ್ ಸೆಲ್‌ಗಳಿಗೆ ದಾರಿ ತೋರಿಸಲು ಮಜ್ಜೆಯೇ ರಾಸಾಯನಿಕ ಸಂಕೇತ ಹೊರಡಿಸುತ್ತದೆ. ಅದರ ಜಾಡು ಹಿಡಿದು ಅವು ಮೂಳೆಯೊಳಗೆ ಸೇರಿ ನೆಲೆ ನಿಲ್ಲುತ್ತವೆ.

ನಂತರದ ಎರಡು ವಾರ ಮನೆಯವರ ಕಣ್ಣೆಲ್ಲ ಒಂದೇ ಕಾಗದದ ಮೇಲೆ. ದಿನವೂ ಬೆಳಿಗ್ಗೆ ರಕ್ತ ಪರೀಕ್ಷೆ, ಅದರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಸಂಖ್ಯೆ. ಅದು ಇಳಿದು ಸೊನ್ನೆಯ ಹತ್ತಿರ ನಿಲ್ಲುತ್ತದೆ. ಬಾಯಿಯ ತುಂಬ ಹುಣ್ಣು, ನುಂಗಲಾಗದು, ಭೇದಿ, ಜ್ವರ. ಇದು ಕಸಿ ಸೋತ ಲಕ್ಷಣವಲ್ಲ, ಹಿಂದಿನ ವಾರದ ಕೀಮೋದ ಫಲ. ಆದರೆ ಜ್ವರವನ್ನು ಮಾತ್ರ ಯಾರೂ ಹಗುರವಾಗಿ ನೋಡುವುದಿಲ್ಲ. ಸೋಂಕನ್ನು ಎದುರಿಸುವ ಕಣಗಳೇ ಇಲ್ಲದ ಕಾಲವದು, ಕೂಡಲೇ ಆಂಟಿಬಯೋಟಿಕ್ ಶುರುವಾಗುತ್ತದೆ. ಇವನ ಕಾಗದದಲ್ಲಿ 12ನೇ ದಿನ 100, 13ನೇ ದಿನ 200, 14ಕ್ಕೆ 520, 15ಕ್ಕೆ 900, 16ಕ್ಕೆ 1,400. ಸತತ ಮೂರು ದಿನ 500 ದಾಟಿದ್ದರೆ ಅವುಗಳಲ್ಲಿ ಮೊದಲನೆಯದೇ ಬೇರು ಹಿಡಿದ ದಿನ. ಇಲ್ಲಿ ಅದು 14ನೇ ದಿನ. ಪ್ಲೇಟ್‌ಲೆಟ್ ಏರಿಕೆ ಸಾಮಾನ್ಯವಾಗಿ ತುಸು ತಡ, ಹೊರಗಿನಿಂದ ಏರಿಸದೆ 20,000 ಮೇಲೆ ನಿಲ್ಲುವುದನ್ನು ಕಾಯುತ್ತಾರೆ.

28ನೇ ದಿನ ಕಳೆದರೂ ಬಿಳಿ ಕಣ ಏಳದಿದ್ದರೆ ಕಸಿ ಹಿಡಿದಿಲ್ಲವೇನೋ ಎಂದು ಮಜ್ಜೆ ಪರೀಕ್ಷೆಗೆ ಹೋಗುತ್ತಾರೆ. ಎದ್ದರೂ ಅದು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಸುಮಾರು 30ನೇ ದಿನ ಕೈಮರಿಸಂ ಪರೀಕ್ಷೆ. ಅಕ್ಕನಿಂದ ತಮ್ಮನಿಗಾದ ಕಸಿಯಲ್ಲಿ ಇದು ಕಣ್ಣಿಗೇ ಕಾಣುವಂಥದ್ದು: ಗಂಡಸಿನ ರಕ್ತಕೋಶಗಳಲ್ಲಿ ಈಗ ಹೆಂಗಸಿನ ಎರಡು ಎಕ್ಸ್ ವರ್ಣತಂತುಗಳಿರುತ್ತವೆ.

ಬೇರು ಹಿಡಿದ ಮೇಲೂ ಒಂದು ಅಪಾಯವಿದೆ. ಅಕ್ಕನ ರೋಗನಿರೋಧಕ ಕೋಶಗಳು ಉಳಿದಿರುವ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಕಸಿಯ ನಿಜವಾದ ಬಲ ಅದೇ. ಆದರೆ ಅದೇ ಕೋಶಗಳು ತಮ್ಮನ ಚರ್ಮ, ಕರುಳು, ಯಕೃತ್ತನ್ನೂ ಪರರದೆಂದು ಭಾವಿಸಿ ಮೇಲೆ ಬೀಳಬಹುದು. ಅಂಗೈ ಅಂಗಾಲು ಕೆಂಪಾಗುವುದು, ನೀರಿನಂಥ ಭೇದಿ, ಕಣ್ಣು ಹಳದಿಯಾಗುವುದು ಇದರ ಸುಳಿವು. ಇದನ್ನು ತಡೆಯಲು ಕೊಡುವ ಸೈಕ್ಲೋಸ್ಪೋರಿನ್ ಮಾತ್ರೆಯನ್ನು ತಿಂಗಳುಗಟ್ಟಲೆ ಗಂಟೆ ತಪ್ಪದೆ ನುಂಗಬೇಕು. ಅದರ ಮಟ್ಟ ಅಳೆಯುವ ಬೆಳಿಗ್ಗೆ ಮಾತ್ರ ರಕ್ತ ಕೊಟ್ಟ ಮೇಲೆ ಮಾತ್ರೆ, ಮೊದಲೇ ನುಂಗಿದರೆ ಲೆಕ್ಕ ತಪ್ಪುತ್ತದೆ. ಚಕ್ಕೋತ ಹಣ್ಣು ಆ ಮಾತ್ರೆಯ ಮಟ್ಟವನ್ನು ಏರಿಸುವುದರಿಂದ ಅದನ್ನು ತಿನ್ನುವಂತಿಲ್ಲ.

ಕೊನೆಯಲ್ಲಿ ಮನೆಯವರಿಗೆ ಎರಡು ಮಾತು. ಕಸಿಗೆ ಮೊದಲು ರೋಗಿಗೆ ರಕ್ತ ಬೇಕಾದಾಗ ಪ್ರೀತಿಯಿಂದ ಮುಂದೆ ಬರುವ ರಕ್ತಸಂಬಂಧಿಗಳು ತಮ್ಮ ರಕ್ತವನ್ನು ನೇರವಾಗಿ ಅವನಿಗೆ ಕೊಡಬೇಡಿ. ದೇಹ ನಿಮ್ಮ ಗುರುತುಗಳನ್ನು ಮೊದಲೇ ಪರಿಚಯಿಸಿಕೊಂಡರೆ ಮುಂದೆ ನಿಮ್ಮದೇ ಕೋಶಗಳನ್ನು ತಿರಸ್ಕರಿಸಬಹುದು. ಬೇರೆ ರೋಗಿಗಳಿಗಾಗಿ ಬ್ಲಡ್ ಬ್ಯಾಂಕಿಗೆ ಕೊಡಿ, ಇವನಿಗೆ ಬೇರೆಯವರದು ಸಿಗುತ್ತದೆ. ಮನೆಗೆ ಬಂದ ಮೇಲೆ ಥರ್ಮಾಮೀಟರ್ 100.4 ತೋರಿಸಿದರೆ, ಗಂಟೆ ಎಷ್ಟೇ ಆಗಿರಲಿ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.