ತಂಡಕ್ಕೆ ಬರೆಯುವ ಕ್ಷಮಾಪಣೆ ಪತ್ರ

ಹದಿನೇಳರ ಹುಡುಗನೊಬ್ಬ ಲೀಗ್ ಪಂದ್ಯದಲ್ಲಿ ಬೌಲಿಂಗ್ ಮಾಡುತ್ತಿದ್ದಾನೆ ಎಂದುಕೊಳ್ಳಿ. ಹನ್ನೆರಡನೇ ಓವರ್‌ನಲ್ಲಿ ಎಲ್‌ಬಿಡಬ್ಲ್ಯು ಮನವಿಯನ್ನು ಅಂಪೈರ್ ಒಪ್ಪಲಿಲ್ಲ. ಸಿಟ್ಟಿಗೆದ್ದ ಹುಡುಗ ಸ್ಟಂಪ್‌ಗೆ ಒದ್ದ. ಹದಿನೆಂಟನೇ ಓವರ್‌ನಲ್ಲಿ ಮಿಡ್ ಆನ್‌ನಲ್ಲಿದ್ದ ಕಿರಿಯ ಆಟಗಾರ ಕ್ಯಾಚ್ ಬಿಟ್ಟಾಗ ಎಲ್ಲರಿಗೂ ಕೇಳುವಂತೆ ಅವನನ್ನು ಬೈದ. ಎದುರಾಳಿ ತಂಡ ಕೊನೆಯ ಓವರ್‌ನಲ್ಲಿ ಗುರಿ ಮುಟ್ಟಿತು. ಇಂಥ ಸಂಜೆ ಕೋಚ್ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ತಂಡಕ್ಕೆ ಒಂದು ಕ್ಷಮಾಪಣೆ ಪತ್ರ ಬರೆದುಕೊಡು.

ಪತ್ರ ಅಂಪೈರ್‌ಗೆ ಸಾಲದೇ, ತಂಡಕ್ಕೇಕೆ? ಉತ್ತರ ಕ್ರಿಕೆಟ್ ನಿಯಮದಲ್ಲೇ ಇದೆ. 2017ರಲ್ಲಿ ಬಂದ 42ನೇ ನಿಯಮ ಆಟಗಾರರ ದುರ್ವರ್ತನೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ. ಸ್ಟಂಪ್‌ಗೆ ಒದೆಯುವುದು, ತೀರ್ಪಿಗೆ ಅಸಮಾಧಾನ ತೋರುವುದು, ಕೆಟ್ಟ ಮಾತು ಆಡುವುದು ಮೊದಲ ಹಂತಕ್ಕೆ ಸೇರುತ್ತವೆ. ಮೊದಲ ಸಲಕ್ಕೆ ಎಚ್ಚರಿಕೆ ಸಿಗುತ್ತದೆ. ಆದರೆ ಆ ಎಚ್ಚರಿಕೆ ತಪ್ಪು ಮಾಡಿದವನೊಬ್ಬನಿಗೇ ಅಲ್ಲ, ಆ ಪಂದ್ಯ ಮುಗಿಯುವವರೆಗೆ ಇಡೀ ತಂಡಕ್ಕೆ ಅನ್ವಯಿಸುತ್ತದೆ. ಆಮೇಲೆ ಆ ತಂಡದ ಯಾರೇ ಅಂಥ ತಪ್ಪು ಮಾಡಿದರೂ ಎದುರಾಳಿಗೆ 5 ರನ್ ಹೋಗುತ್ತದೆ. ನಮ್ಮ ಹುಡುಗ ಹನ್ನೆರಡನೇ ಓವರ್‌ನಲ್ಲಿ ಖರ್ಚು ಮಾಡಿದ್ದು ಹನ್ನೊಂದು ಜನರಿಗೂ ಸೇರಿದ್ದ ಅವಕಾಶವನ್ನು. ಹದಿನೆಂಟನೇ ಓವರ್‌ನಲ್ಲಿ ತನ್ನ ತಂಡದವನನ್ನೇ ಬೈದು ಎದುರಾಳಿಗೆ 5 ರನ್ ಕೊಟ್ಟ. ಪತ್ರದಲ್ಲಿ ಇದು ಬರಲೇಬೇಕು.

ಮೊದಲ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ: ‘ನಿನ್ನೆ ನಡೆದದ್ದಕ್ಕೆ ವಿಷಾದಿಸುತ್ತೇನೆ. ಪಂದ್ಯದ ಒತ್ತಡದಲ್ಲಿ ಹಾಗಾಯಿತು. ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ.’ ಇದನ್ನು ಓದಿದ ಮಿಡ್ ಆನ್ ಹುಡುಗನಿಗೆ ಏನು ಅನ್ನಿಸೀತು? ನಡೆದದ್ದು ಏನು ಎಂದು ಪತ್ರ ಹೇಳುವುದಿಲ್ಲ. ಮಾಡಿದವನು ಯಾರು ಎಂದೂ ಹೇಳುವುದಿಲ್ಲ, ತಾನಾಗಿಯೇ ಆದಂತಿದೆ. ‘ನೋವಾಗಿದ್ದರೆ’ ಎಂಬ ಮಾತು ನೋವಾಯಿತೋ ಇಲ್ಲವೋ ಎಂದು ಸಾಬೀತುಪಡಿಸುವ ಕೆಲಸವನ್ನು ಬೈಸಿಕೊಂಡವನ ತಲೆಗೇ ಕಟ್ಟುತ್ತದೆ. ಅಂಪೈರ್ ತೀರ್ಪು ನಿಜಕ್ಕೂ ತಪ್ಪಿತ್ತು ಎಂಬ ಸಾಲೂ ಎಷ್ಟೋ ಕರಡುಗಳಲ್ಲಿ ನುಸುಳುತ್ತದೆ. ತೀರ್ಪು ತಪ್ಪೇ ಇದ್ದಿರಬಹುದು, ಆದರೆ ಈ ಪತ್ರ ಅದರ ಮೇಲ್ಮನವಿಯಲ್ಲ.

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮಾಪಣೆಯ ಆರು ಅಂಶಗಳನ್ನು ಜನರ ಮುಂದಿಟ್ಟು ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ತೂಕ ಸಿಕ್ಕಿದ್ದು ಹೊಣೆ ಒಪ್ಪಿಕೊಳ್ಳುವುದಕ್ಕೆ. ಅದರ ನಂತರ ಬಂದದ್ದು ಆದ ಹಾನಿಯನ್ನು ಸರಿಪಡಿಸುವ ಮಾತು. ‘ಕ್ಷಮಿಸಿ’ ಎಂದು ಕೇಳಿಕೊಳ್ಳುವುದಕ್ಕೆ ಎಲ್ಲಕ್ಕಿಂತ ಕಡಿಮೆ ತೂಕ. ನಮ್ಮ ಹುಡುಗನ ಕರಡಿನಲ್ಲಿ ಇದ್ದದ್ದು ಆ ಕೊನೆಯದೇ.

ಎರಡನೇ ಕರಡು ಹೀಗಾಗಬಹುದು: ‘ನಾನು ಸ್ಟಂಪ್‌ಗೆ ಒದ್ದೆ. ಅದರಿಂದ ತಂಡಕ್ಕೆಲ್ಲ ಎಚ್ಚರಿಕೆ ಬಂತು. ಕ್ಯಾಪ್ಟನ್ ಬಂದು ಸಮಾಧಾನ ಹೇಳಿದರೂ ಕೇಳಲಿಲ್ಲ. ಕ್ಯಾಚ್ ಬಿಟ್ಟಾಗ ಕೆಟ್ಟ ಮಾತಿನಲ್ಲಿ ಬೈದೆ, ಎದುರಾಳಿಗೆ 5 ರನ್ ಹೋಯಿತು. ನೀವು ಓಡಿ ಉಳಿಸಿದ ರನ್‌ಗಳನ್ನು ನಾನು ಬಾಯಿಂದ ಕಳೆದೆ. ನಿನ್ನ ಜೊತೆ ನಾನೇ ಬಂದು ಮಾತಾಡುತ್ತೇನೆ, ತಮ್ಮ. ಮುಂದಿನ ಪಂದ್ಯದಲ್ಲಿ ನನ್ನನ್ನು ಆಡಿಸಬೇಕೋ ಬೇಡವೋ ಕ್ಯಾಪ್ಟನ್ ನಿರ್ಧರಿಸಲಿ. ಆಡಿಸಿದರೆ, ಮನವಿ ತಿರಸ್ಕಾರವಾದ ಕೂಡಲೇ ನಾನು ಮಾತಾಡದೆ ಬೌಲಿಂಗ್ ಮಾರ್ಕ್‌ಗೆ ನಡೆಯುತ್ತೇನೆ.’

ಕೊನೆಯ ಸಾಲು ನನಗೆ ಬಹಳ ಹಿಡಿಸುತ್ತದೆ. ‘ಇನ್ನು ಮುಂದೆ ಸಿಟ್ಟು ಮಾಡುವುದಿಲ್ಲ’ ಎಂಬ ಮಾತನ್ನು ಯಾರೂ ನಂಬುವುದಿಲ್ಲ, ವೇಗದ ಬೌಲರ್‌ಗೆ ಸಿಟ್ಟು ಬಂದೇ ಬರುತ್ತದೆ. ಮಾರ್ಕ್‌ಗೆ ನಡೆದನೋ ಇಲ್ಲವೋ ಎಂಬುದನ್ನು ಮಾತ್ರ ಹತ್ತು ಜನರೂ ಕಣ್ಣಾರೆ ನೋಡಬಹುದು.

ಪತ್ರವನ್ನು ಕೋಚ್ ಹೇಳಿ ಬರೆಸಿದರೆ ತಂಡಕ್ಕೆ ಥಟ್ಟನೆ ಗೊತ್ತಾಗುತ್ತದೆ, ಏಕೆಂದರೆ ಹುಡುಗ ಎಂದೂ ಆಡದ ಮಾತುಗಳು ಅದರಲ್ಲಿರುತ್ತವೆ. ಪಂದ್ಯ ಸೋತ ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೂ ಕೆಲಸ ಕೆಡುತ್ತದೆ. ನಾಲ್ಕು ಜನ ‘ಪರವಾಗಿಲ್ಲ ಬಿಡು’ ಎಂದುಬಿಡುತ್ತಾರೆ, ಬೈಸಿಕೊಂಡವನೂ ಹಾಗೇ ಹೇಳಬೇಕಾಗುತ್ತದೆ. ಒಂದೆರಡು ದಿನ ಬಿಟ್ಟು, ಮುಂದಿನ ಅಭ್ಯಾಸಕ್ಕೆ ಮೊದಲು ಕೈಯಲ್ಲಿ ಕೊಡುವುದು ಒಳ್ಳೆಯದು. ಆ ಕಿರಿಯನನ್ನು ಅದಕ್ಕೂ ಮುಂಚೆ ಒಬ್ಬನೇ ಭೇಟಿಯಾಗಬೇಕು.

ಆಟಗಾರ ಎಷ್ಟು ದೊಡ್ಡವನಾದರೂ ಇದು ತಪ್ಪುವುದಿಲ್ಲ. 2022ರ ದುಲೀಪ್ ಟ್ರೋಫಿ ಫೈನಲ್ ಕೊಯಮತ್ತೂರಿನಲ್ಲಿ ನಡೆದಾಗ, ಅದೇ ಪಂದ್ಯದಲ್ಲಿ 265 ರನ್ ಹೊಡೆದಿದ್ದ ಯಶಸ್ವಿ ಜೈಸ್ವಾಲ್ ಎದುರಾಳಿ ಬ್ಯಾಟರ್‌ನನ್ನು ಪದೇ ಪದೇ ಕೆಣಕಿದರು. ಅವರನ್ನು ಮೈದಾನದಿಂದ ಹೊರಗೆ ಕಳಿಸಿದ್ದು ಅಂಪೈರ್ ಅಲ್ಲ, ಅವರದೇ ನಾಯಕ ಅಜಿಂಕ್ಯ ರಹಾನೆ.

ಇನ್ನೊಂದು ವಿಷಯವನ್ನು ಹುಡುಗನಿಗೆ ಮೊದಲೇ ತಿಳಿಸಬೇಕು. ದುರ್ವರ್ತನೆಯ ಬಗ್ಗೆ ಅಂಪೈರ್‌ಗಳು ಪಂದ್ಯ ನಡೆಸುವ ಸಂಸ್ಥೆಗೆ ವರದಿ ಕೊಡುತ್ತಾರೆ, ತಂಡಕ್ಕೆ ಬರೆದ ಪತ್ರದಿಂದ ಆ ವರದಿ ರದ್ದಾಗುವುದಿಲ್ಲ. ಅಂಪೈರ್‌ಗೆ ಬೇರೆಯೇ ಪತ್ರ ಬರೆದು ಮ್ಯಾನೇಜರ್ ಮೂಲಕ ತಲುಪಿಸಬೇಕು. ಶಿಕ್ಷೆ ಕಡಿಮೆಯಾದೀತೆಂದು ತಂಡದ ಪತ್ರದ ಪ್ರತಿಯನ್ನೇ ಅದಕ್ಕೆ ಲಗತ್ತಿಸಿದರೆ, ತಂಡದವರು ಅದನ್ನು ಇನ್ನೊಮ್ಮೆ ಬೇರೆ ಕಣ್ಣಿನಿಂದ ಓದುತ್ತಾರೆ.