ಜಾತ್ರೆಯ ಲೆಕ್ಕದಲ್ಲಿ ಹಣ ಉಳಿದರೂ ದಾಸೋಹಕ್ಕೆ ಕೊರತೆ ಏಕೆ?

ಜಾತ್ರಾ ಮಹೋತ್ಸವ ಮುಗಿದು ಲೆಕ್ಕಪತ್ರವನ್ನು ಸಭೆಯ ಮುಂದಿಟ್ಟಾಗ ಸದ್ಭಕ್ತರು ಸಾಮಾನ್ಯವಾಗಿ ಕೊನೆಯ ಸಾಲನ್ನು ಮೊದಲು ನೋಡುತ್ತಾರೆ. ಜಮೆ ಹೆಚ್ಚಾಗಿ ಖರ್ಚು ಕಡಿಮೆಯಾಗಿದ್ದರೆ ಜಾತ್ರೆ ಸಾಂಗವಾಗಿ ನಡೆಯಿತೆಂದು ಸಮಾಧಾನಪಡುತ್ತಾರೆ. ಆದರೆ ಆ ಒಂದು ಸಾಲಿನಿಂದ ಜಾತ್ರೆಯ ನಿಜಸ್ಥಿತಿ ತಿಳಿಯದು. ಉಳಿತಾಯ ತೋರಿಸುವ ಲೆಕ್ಕದೊಳಗೇ ದಾಸೋಹದ ಕೊರತೆ ಅಡಗಿರಬಹುದು. ಅದು ಹೇಗೆಂಬುದನ್ನು ಒಂದು ಮಾದರಿ ಲೆಕ್ಕದ ಮೂಲಕ ವಿವರಿಸುತ್ತೇವೆ. ಇಲ್ಲಿನ ಅಂಕಿಗಳು ಯಾವುದೇ ಮಠದ ಲೆಕ್ಕವಲ್ಲ. ಗಣಿತ ಸುಲಭವಾಗಲೆಂದು ಆರಿಸಿಕೊಂಡವು.

ಐದು ದಿನಗಳ ಒಂದು ಜಾತ್ರೆಯನ್ನು ಭಾವಿಸೋಣ. ಹುಂಡಿ ಹಾಗೂ ಗದ್ದುಗೆಯ ಕಾಣಿಕೆಯಿಂದ 6 ಲಕ್ಷ, ರುದ್ರಾಭಿಷೇಕ ಮತ್ತು ಪಲ್ಲಕ್ಕಿ ಸೇವೆಯ ರಸೀದಿಗಳಿಂದ 2 ಲಕ್ಷ, ಅಂಗಡಿಗಳ ನೆಲಬಾಡಿಗೆಯಿಂದ 1 ಲಕ್ಷ ರೂಪಾಯಿ ಬಂದಿದೆ. ಇದಲ್ಲದೆ ಭಕ್ತರು ತೇರಿಗೆಂದು 5 ಲಕ್ಷ, ದಾಸೋಹಕ್ಕೆಂದು 3 ಲಕ್ಷ ರೂಪಾಯಿ ದೇಣಿಗೆ ನೀಡಿದ್ದಾರೆ. ಒಟ್ಟು ಜಮೆ 17 ಲಕ್ಷ. ಖರ್ಚಿನಲ್ಲಿ ತೇರಿನ ದುರಸ್ತಿ, ಮಿಣಿ ಹಾಗೂ ಅಲಂಕಾರಕ್ಕೆ 3 ಲಕ್ಷ, ಪೂಜೆ, ಪಲ್ಲಕ್ಕಿ ಮತ್ತು ವಾದ್ಯಮೇಳಕ್ಕೆ ಒಂದೂವರೆ ಲಕ್ಷ, ದಾಸೋಹಕ್ಕೆ 8 ಲಕ್ಷ, ಚಪ್ಪರ, ದೀಪ, ನೀರು, ಶೌಚಾಲಯ ಮತ್ತು ಸ್ವಚ್ಛತೆಗೆ ಮೂರೂವರೆ ಲಕ್ಷ. ಒಟ್ಟು 16 ಲಕ್ಷ. ಕೊನೆಯ ಸಾಲಿನಲ್ಲಿ 1 ಲಕ್ಷ ರೂಪಾಯಿ ಉಳಿತಾಯ ಕಾಣುತ್ತದೆ.

ಈಗ ಇದೇ ಲೆಕ್ಕವನ್ನು ಉದ್ದೇಶವಾರು ಬಿಡಿಸೋಣ. ತೇರಿಗೆಂದು ಬಂದ 5 ಲಕ್ಷದಲ್ಲಿ 3 ಲಕ್ಷ ಖರ್ಚಾಗಿ 2 ಲಕ್ಷ ಉಳಿಯಿತು. ಆ 2 ಲಕ್ಷ ತೇರಿನದೇ. ತೇರಿಗೆಂದು ರಸೀದಿ ಕೊಟ್ಟು ಪಡೆದ ಹಣವನ್ನು ದಾತರ ಒಪ್ಪಿಗೆಯಿಲ್ಲದೆ ಅಡುಗೆ ಮನೆಗೆ ಬಳಸುವುದು ಸಲ್ಲದು. ದಾಸೋಹಕ್ಕೆ ಬಂದ ದೇಣಿಗೆ 3 ಲಕ್ಷ, ಖರ್ಚು 8 ಲಕ್ಷ. ಉಳಿದ 5 ಲಕ್ಷವನ್ನು ಸಾಮಾನ್ಯ ನಿಧಿಯಿಂದ ಭರಿಸಬೇಕು. ಪೂಜೆ ಮತ್ತು ಸೌಕರ್ಯಗಳ 5 ಲಕ್ಷವೂ ಅಲ್ಲಿಂದಲೇ ಹೋಗಬೇಕು. ಹೀಗೆ ಬೇಕಾದದ್ದು 10 ಲಕ್ಷ. ಹುಂಡಿ, ಸೇವೆ, ನೆಲಬಾಡಿಗೆ ಸೇರಿ ಸಾಮಾನ್ಯ ನಿಧಿಯಲ್ಲಿರುವುದು 9 ಲಕ್ಷ. ಅಂದರೆ 1 ಲಕ್ಷ ಉಳಿತಾಯ ತೋರಿಸಿದ ಜಾತ್ರೆ ವಾಸ್ತವದಲ್ಲಿ 1 ಲಕ್ಷ ಕೊರತೆಯಲ್ಲಿದೆ. ಇದನ್ನು ಗಮನಿಸದ ಟ್ರಸ್ಟು ತನಗರಿವಿಲ್ಲದೆಯೇ ತೇರಿನ ಹಣವನ್ನು ಕರಗಿಸುತ್ತದೆ. ಮುಂದೆ ತೇರಿನ ಗಾಲಿ ಬದಲಿಸುವ ವರ್ಷ ಬಂದಾಗ ನಿಧಿಯಲ್ಲಿ ಹಣವಿರುವುದಿಲ್ಲ.

ಇದಕ್ಕೆ ಪರಿಹಾರ ರಸೀದಿ ಬರೆಯುವ ಕ್ಷಣದಲ್ಲಿಯೇ ಇದೆ. ರಸೀದಿಯಲ್ಲಿ ‘ಉದ್ದೇಶ’ ಎಂಬ ಸಾಲು ಖಾಲಿ ಬಿಡಬಾರದು. ತೇರಿಗೆಂದು ಕೊಡುವವರಿಗೆ ಈ ವರ್ಷದ ತೇರಿನ ಅಂದಾಜು ವೆಚ್ಚ ಎಷ್ಟು, ಈಗಾಗಲೇ ಎಷ್ಟು ಬಂದಿದೆ ಎಂಬುದನ್ನು ತಿಳಿಸಿದರೆ ಹಲವರು ತಾವಾಗಿಯೇ ‘ಜಾತ್ರೆಯ ಅಗತ್ಯಕ್ಕೆ ತಕ್ಕಂತೆ’ ಎಂದು ಬರೆಸುತ್ತಾರೆ. ಹಾಗೆ ಬರೆಸದವರ ಹಣದಲ್ಲಿ ಉಳಿದದ್ದನ್ನು ತೇರಿನ ನಿಧಿಯೆಂದೇ ಮುಂದಿನ ವರ್ಷಕ್ಕೆ ಒಯ್ಯಬೇಕು.

ಕೊರತೆ ಮರೆಯಾಗುವ ಇನ್ನೊಂದು ಸ್ಥಳ ಧಾನ್ಯದ ಕಾಣಿಕೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ರೊಟ್ಟಿಗಳನ್ನು ಗಾಡಿಗಟ್ಟಲೆ ತರುವುದನ್ನು ಎಲ್ಲರೂ ಬಲ್ಲರು. ಇಂಥ ಕಾಣಿಕೆ ಉಗ್ರಾಣಕ್ಕೆ ಬಂದು ಪ್ರಸಾದವಾಗಿ ಹೋಗುತ್ತದೆ. ನಗದು ಪುಸ್ತಕವನ್ನು ಮುಟ್ಟುವುದೇ ಇಲ್ಲ. ನಮ್ಮ ಮಾದರಿಯಲ್ಲಿ ಐದು ದಿನಗಳಲ್ಲಿ 40,000 ಊಟಗಳಾಗಿವೆ ಎನ್ನೋಣ. 8 ಲಕ್ಷವನ್ನು ಭಾಗಿಸಿದರೆ ಊಟಕ್ಕೆ 20 ರೂಪಾಯಿ. ಆದರೆ ಊಟಕ್ಕೆ 100 ಗ್ರಾಂನಂತೆ 40 ಕ್ವಿಂಟಲ್ ಅಕ್ಕಿ ಕಾಣಿಕೆಯಾಗಿ ಬಂದಿತ್ತು. ಕಿಲೋಗೆ 45 ರೂಪಾಯಿಯಂತೆ ಅದರ ಬೆಲೆ 1,80,000 ರೂಪಾಯಿ. ಅದನ್ನು ಸೇರಿಸಿದರೆ ಊಟದ ನಿಜವಾದ ವೆಚ್ಚ 24 ರೂಪಾಯಿ 50 ಪೈಸೆ. ಮಳೆ ಕೈಕೊಟ್ಟ ವರ್ಷ ಅರ್ಧದಷ್ಟೇ ಅಕ್ಕಿ ಬಂದರೆ, 20 ರೂಪಾಯಿಯ ಲೆಕ್ಕದಲ್ಲಿ ಮಾಡಿದ ಅಂದಾಜಿನ ಮೇಲೆ ದಿಢೀರನೆ 90,000 ರೂಪಾಯಿ ಹೊರೆ ಬೀಳುತ್ತದೆ. ಆದ್ದರಿಂದ ಉಗ್ರಾಣದ ಪುಸ್ತಕದಲ್ಲಿ ಧಾನ್ಯದ ತೂಕದ ಜೊತೆಗೆ ಆ ದಿನದ ಪೇಟೆ ಧಾರಣೆಯನ್ನೂ ಬರೆಯಬೇಕು.

ಈ ವಿಂಗಡಣೆ ನಂಬಿಕೆಗೆ ಅರ್ಹವಾಗಬೇಕಾದರೆ ನಗದಿನ ವಿಷಯದಲ್ಲಿ ಒಂದು ನಿಯಮ ಸಡಿಲವಾಗಬಾರದು. ಬಂದ ಹಣವೆಲ್ಲ ಮೊದಲು ಬ್ಯಾಂಕಿಗೆ ಹೋಗಬೇಕು. ಖರ್ಚು ಬ್ಯಾಂಕಿನಿಂದಲೇ ಹೊರಡಬೇಕು. ಹುಂಡಿಯ ಬೀಗಮುದ್ರೆಯನ್ನು ಸಾಕ್ಷಿಗಳ ಸಮಕ್ಷಮದಲ್ಲಿ ತೆರೆದು, ಯಾವ ಮುಖಬೆಲೆಯ ನೋಟು ಎಷ್ಟು, ನಾಣ್ಯ ಎಷ್ಟು ಎಂದು ಎಣಿಕೆ ಪಟ್ಟಿ ಬರೆದು, ಎಣಿಸಿದವರೆಲ್ಲ ಸಹಿ ಹಾಕುತ್ತಾರೆ. ಬ್ಯಾಂಕಿನ ಚಲನ್ ಆ ಪಟ್ಟಿಯ ಮೊತ್ತಕ್ಕೆ ಸರಿಹೊಂದಬೇಕು.

ಎಣಿಕೆಯ ಸ್ಥಳದಲ್ಲಿಯೇ ಚಪ್ಪರದವರಿಗೆ 70,000 ರೂಪಾಯಿ ಕೊಟ್ಟು ಉಳಿದ 5,30,000 ರೂಪಾಯಿ ಜಮಾ ಮಾಡಿ, ಅಷ್ಟನ್ನೇ ಬರೆದರೆ ಏನಾಗುತ್ತದೆ? ಜಮೆಯಲ್ಲಿ ಹುಂಡಿಯ ಕಾಣಿಕೆ 70,000 ಕಡಿಮೆ ಕಾಣುತ್ತದೆ, ಖರ್ಚಿನಲ್ಲಿ ಚಪ್ಪರದ ವೆಚ್ಚವೂ ಅಷ್ಟೇ ಕಡಿಮೆ ಕಾಣುತ್ತದೆ. ಎರಡೂ ಬದಿ ಸಮನಾಗಿ ಕುಗ್ಗುವುದರಿಂದ ಕೊನೆಯ ಸಾಲು ಬದಲಾಗುವುದಿಲ್ಲ. ಯಾರೂ ಹಣ ತೆಗೆಯದಿದ್ದರೂ ಲೆಕ್ಕ ಸುಳ್ಳಾಗುತ್ತದೆ. ಯಾರಾದರೂ ತೆಗೆದಿದ್ದರೆ ಅದೂ ಹೀಗೆಯೇ ಕಾಣುತ್ತದೆ. ಇದನ್ನು ಪತ್ತೆ ಹಚ್ಚುವ ದಾರಿ ಎಣಿಕೆ ಪಟ್ಟಿಯನ್ನೂ ಚಲನ್ನನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು. ಹುಂಡಿಯ ಜಮೆ ಪ್ರತಿ ಬಾರಿಯೂ ಚಿಲ್ಲರೆಯಿಲ್ಲದೆ ದುಂಡು ಸಾವಿರಗಳಲ್ಲಿದ್ದರೆ ಅದೂ ವಿಚಾರಿಸಬೇಕಾದ ಸಂಗತಿ.

ಕಾನೂನು ಕೂಡ ಇದನ್ನೇ ಬಯಸುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದರೆ, ಆದಾಯ ತೆರಿಗೆ ವಿನಾಯಿತಿಯ ಲೆಕ್ಕದಲ್ಲಿ ಆ ವೆಚ್ಚವನ್ನು ಟ್ರಸ್ಟಿನ ವಿನಿಯೋಗವೆಂದು ಪರಿಗಣಿಸುವುದಿಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಸ್ವೀಕರಿಸುವುದಕ್ಕೂ ನಿಷೇಧವಿದೆ. ದೊಡ್ಡ ದೇಣಿಗೆಯನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ನೀಡುವಂತೆ ಮಠಗಳು ವಿನಂತಿಸುವುದು ಇದೇ ಕಾರಣದಿಂದ.

ಆದುದರಿಂದ ಜಾತ್ರೆಯ ಲೆಕ್ಕ ಓದುವ ಸದ್ಭಕ್ತರು ಮೂರು ಸಂಗತಿಗಳನ್ನು ಕೇಳಬೇಕೆಂದು ನಮ್ಮ ಅರಿಕೆ. ತೇರಿನ ಮತ್ತು ದಾಸೋಹದ ದೇಣಿಗೆಗಳನ್ನು ಬೇರೆ ಬೇರೆಯಾಗಿ ತೋರಿಸಲಾಗಿದೆಯೇ? ಕಾಣಿಕೆ ಧಾನ್ಯದ ಬೆಲೆ ಊಟದ ವೆಚ್ಚದಲ್ಲಿ ಸೇರಿದೆಯೇ? ಹುಂಡಿಯ ಎಣಿಕೆ ಪಟ್ಟಿ ಬ್ಯಾಂಕಿನ ಚಲನ್‌ಗೆ ಹೊಂದುತ್ತದೆಯೇ? ಇವಕ್ಕೆ ಉತ್ತರ ದೊರೆತ ಮೇಲೆ ಕೊನೆಯ ಸಾಲನ್ನು ಓದಿದರೆ ಅದರ ಅರ್ಥ ಸರಿಯಾಗಿ ತಿಳಿಯುತ್ತದೆ.